ದಿನ ಎಣಿಸುವ ಸಾಫ್ಟನರ್, ಲೀಟರ್ ಎಣಿಸುವ ಸಾಫ್ಟನರ್

ಮನೆಗೆ ವಾಟರ್ ಸಾಫ್ಟನರ್ ಹಾಕಿಸಿದೆ ಅಂದಾಗ ತೀರ್ಥಹಳ್ಳಿಯ ಭಾವ ಜೋರಾಗಿ ನಕ್ಕರು. "ಗಂಗಾ ಸ್ನಾನ ತುಂಗಾ ಪಾನ ಅಂತಾರೆ, ನೀನು ಶಿವಮೊಗ್ಗದಲ್ಲಿ ಕೂತು ನೀರಿಗೆ ಉಪ್ಪು ಸುರೀತೀಯಲ್ಲ ಮಾರಾಯ!" ಅವರ ಮಾತು ತಪ್ಪಲ್ಲ. ತುಂಗೆಯ ನೀರು ಬರುವ ಮನೆಗೆ ಈ ಯಂತ್ರ ಬೇಡವೇ ಬೇಡ. ಆದರೆ ಸವಳಂಗ ರಸ್ತೆಯ ಕಡೆ ಇರುವ ನಮ್ಮ ಲೇಔಟಿಗೆ ಬೋರ್‌ವೆಲ್ಲೇ ಗತಿ. ಸ್ನಾನಕ್ಕೆ ಸೋಪು ನೊರೆ ಬಿಡುತ್ತಿರಲಿಲ್ಲ, ಷವರಿನ ತೂತುಗಳು ಬಿಳಿ ಕಟ್ಟಿ ಮುಚ್ಚಿದ್ದವು. ಹನಿ ಹಾಕಿ ನೋಡುವ ಗಡಸುತನದ ಕಿಟ್ ತಂದೆ. ನೀರು ಕೆಂಪಿನಿಂದ ನೀಲಿಗೆ ತಿರುಗಲು 16 ಹನಿ ಬೇಕಾಯಿತು. ನನ್ನ ಕಿಟ್ಟಿನಲ್ಲಿ ಒಂದು ಹನಿಗೆ 25, ಅಂದರೆ ಲೀಟರಿಗೆ 400 ಮಿಲಿಗ್ರಾಂ.

ತಂದದ್ದು 25 ಲೀಟರ್ ರೆಸಿನ್ ಇರುವ ಆಟೋಮ್ಯಾಟಿಕ್ ಸಾಫ್ಟನರ್. ರೆಸಿನ್ ಅಂದರೆ ರಾಗಿಕಾಳಿಗಿಂತ ಸಣ್ಣ, ಜೇನುಬಣ್ಣದ ಮಣಿಗಳು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುವುದು ಅದರ ಕೆಲಸ. ಹಿಡಿಯುವ ಜಾಗ ತುಂಬಿದ ಮೇಲೆ ಗಟ್ಟಿ ಉಪ್ಪುನೀರು ಹಾಯಿಸಿ ತೊಳೆಯಬೇಕು. ಇದೇ ರೀಜನರೇಷನ್. ಅದು ಯಾವಾಗ ಆಗಬೇಕು, ಎಷ್ಟು ಉಪ್ಪಿನಲ್ಲಿ ಆಗಬೇಕು ಎಂಬ ಎರಡು ಸೆಟ್ಟಿಂಗುಗಳಲ್ಲೇ ಖರ್ಚೆಲ್ಲ ಅಡಗಿದೆ. ಎರಡನ್ನೂ ಎರಡೆರಡು ರೀತಿಯಲ್ಲಿ ನಡೆಸಿ ನೋಡಿದ್ದೇನೆ.

ಫಿಟ್ ಮಾಡಲು ಬಂದ ಹುಡುಗ ದಿನದ ಲೆಕ್ಕದಲ್ಲಿ ಇಟ್ಟು ಹೋಗಿದ್ದ: ಮೂರು ದಿನಕ್ಕೊಮ್ಮೆ ರಾತ್ರಿ ಎರಡು ಗಂಟೆಗೆ, ಪ್ರತಿ ಸಲ 6 ಕೆಜಿ ಉಪ್ಪು. "ಸೇಫ್ಟಿಗೆ ಸಾರ್" ಅಂದ. ಆ ಸೇಫ್ಟಿಗೆ ತಿಂಗಳಿಗೆ 60 ಕೆಜಿ ಉಪ್ಪು ಹೋಗುತ್ತಿತ್ತು. ಎರಡನೇ ತಿಂಗಳು ನಾನೇ ಪೆನ್ನು ಹಿಡಿದು ಕೂತೆ. ಲೀಟರ್ ರೆಸಿನ್ನಿಗೆ 240 ಗ್ರಾಂ ಉಪ್ಪು ಕೊಟ್ಟರೆ ಅದು ಸುಮಾರು 68 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರಿಗೆ 1,700 ಗ್ರಾಂ ಆಯಿತು. ನಮ್ಮ ನೀರಿನಲ್ಲಿ ಲೀಟರಿಗೆ 0.4 ಗ್ರಾಂ ಇರುವುದರಿಂದ 4,250 ಲೀಟರ್ ಮೆದುನೀರು ಸಿಗಬೇಕು. ಮನೆಯ ಬಳಕೆ ದಿನಕ್ಕೆ ಹೆಚ್ಚೆಂದರೆ 600 ಲೀಟರ್, ಅಂದರೆ ಏಳು ದಿನ ಬರುತ್ತದೆ. ಒಂದು ದಿನ ಕೈಯಲ್ಲಿಟ್ಟುಕೊಂಡು ಆರಕ್ಕೆ ಸೆಟ್ ಮಾಡಿದೆ. ಉಪ್ಪು 30 ಕೆಜಿಗೆ ಇಳಿಯಿತು.

ದಿನದ ಲೆಕ್ಕದ ಕುಂದು ಗೊತ್ತಾದದ್ದು ದೀಪಾವಳಿಗೆ. ಅಕ್ಕನ ಮನೆಯವರೆಲ್ಲ ಬಂದು ಎಣ್ಣೆ ಸ್ನಾನ ಮಾಡಿದರು, ನಾಲ್ಕನೇ ದಿನಕ್ಕೇ ತಲೆಯ ಎಣ್ಣೆ ಜಿಡ್ಡು ಬಿಡದಾಯಿತು. ಯಂತ್ರಕ್ಕೆ ಇನ್ನೂ ಎರಡು ದಿನ ಬಾಕಿ. ಆಮೇಲೆ ನಾವು ಹತ್ತು ದಿನ ಊರಲ್ಲಿರಲಿಲ್ಲ. ಒಂದು ಕೊಡ ನೀರೂ ಖರ್ಚಾಗದಿದ್ದರೂ ಅದು ಠೀವಿಯಿಂದ 6 ಕೆಜಿ ಉಪ್ಪು ಕರಗಿಸಿ ಮೋರಿಗೆ ಬಿಟ್ಟಿತ್ತು.

ವಾಲ್ವ್‌ನೊಳಗೇ ಹಾದುಹೋದ ಲೀಟರ್ ಎಣಿಸುವ ಮೀಟರ್ ಇದೆ, ದಿನದ ಲೆಕ್ಕದಿಂದ ಲೀಟರ್ ಲೆಕ್ಕಕ್ಕೆ ಮೆನುವಿನಲ್ಲಿ ಮೋಡ್ ಬದಲಿಸಿದರೆ ಸಾಕು ಅಂತ ಆಗ ಕಂಡುಕೊಂಡೆ. ಜೊತೆಗೆ ಉಪ್ಪನ್ನೂ ಇಳಿಸಿದೆ, 6 ಕೆಜಿಯಿಂದ 2.4 ಕೆಜಿಗೆ. ಉಪ್ಪು ಅರ್ಧಕ್ಕಿಂತ ಕೆಳಗಿಳಿದರೂ ರೆಸಿನ್ನಿನ ಸಾಮರ್ಥ್ಯ ಅಷ್ಟು ಇಳಿಯುವುದಿಲ್ಲ, ಲಾಭ ಇರುವುದು ಅಲ್ಲೇ. ಲೀಟರ್ ರೆಸಿನ್ನಿಗೆ 96 ಗ್ರಾಂ ಕೊಟ್ಟರೂ ಅದು ಸುಮಾರು 46 ಗ್ರಾಂ ಹಿಡಿಯುತ್ತದೆ. ಅಂದರೆ 2,875 ಲೀಟರ್ ನೀರು. ಸಾವಿರ ಲೀಟರಿಗೆ ಮೊದಲು 1.4 ಕೆಜಿ ಬೀಳುತ್ತಿದ್ದ ಉಪ್ಪು ಈಗ 0.8 ಕೆಜಿ. ಲೀಟರ್ ಮುಗಿದರೂ ಯಂತ್ರ ರಾತ್ರಿ ಎರಡರವರೆಗೆ ಕಾಯುವುದರಿಂದ ಒಂದು ದಿನದ ಬಳಕೆ ಕಳೆದು 2,200ಕ್ಕೆ ಇಟ್ಟೆ. ಈಗ ತಿಂಗಳಿಗೆ ಆರೇಳು ಸಲ ರೀಜನರೇಷನ್ ಆಗುತ್ತದೆ, ಉಪ್ಪು 16 ಕೆಜಿ ಆಸುಪಾಸು.

ಉಪ್ಪಿನ ಪ್ರಮಾಣ ಸೆಟ್ ಮಾಡುವುದು ಹೇಗೆ ಅನ್ನುವುದರಲ್ಲೇ ಬಹಳ ಮಂದಿ ಎಡವುತ್ತಾರೆ. ಟ್ಯಾಂಕಿಗೆ ಎಷ್ಟು ಉಪ್ಪು ಸುರಿದಿರಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊನೆಯ ಹಂತದಲ್ಲಿ ಯಂತ್ರ ಉಪ್ಪಿನ ಟ್ಯಾಂಕಿಗೆ ಎಷ್ಟು ನೀರು ಬಿಡುತ್ತದೋ ಅಷ್ಟೇ ಉಪ್ಪು ಕರಗುತ್ತದೆ, ಲೀಟರ್ ನೀರಿಗೆ ಸುಮಾರು 360 ಗ್ರಾಂ. ನನಗೆ 2.4 ಕೆಜಿ ಬೇಕಾದರೆ ಆರೂಮುಕ್ಕಾಲು ಲೀಟರ್ ನೀರು ಸಾಕು. ರೀಫಿಲ್ ಪೈಪನ್ನು ಬಕೆಟ್ಟಿಗೆ ಬಿಟ್ಟು ಗಡಿಯಾರ ಹಿಡಿದೆ, ನಿಮಿಷಕ್ಕೆ 1.9 ಲೀಟರ್ ಬಂತು. ಹಾಗಾಗಿ ರೀಫಿಲ್ ಸಮಯ ಮೂರೂವರೆ ನಿಮಿಷ. ಹುಡುಗ ಒಂಬತ್ತು ನಿಮಿಷ ಇಟ್ಟಿದ್ದ. ಮಿಕ್ಕ ಹಂತಗಳನ್ನು ನಾನು ಮುಟ್ಟಲಿಲ್ಲ: ಬ್ಯಾಕ್‌ವಾಷ್ 10 ನಿಮಿಷ, ಉಪ್ಪುನೀರು ಎಳೆದು ನಿಧಾನವಾಗಿ ತೊಳೆಯಲು 60, ಜೋರಾಗಿ ತೊಳೆಯಲು 10.

ಕಡಿಮೆ ಉಪ್ಪಿನಲ್ಲಿ ಕಳೆದುಕೊಳ್ಳುವುದೂ ಇದೆ. ನೀರು ಪೂರ್ತಿ ಮೆದುವಾಗುವುದಿಲ್ಲ. 6 ಕೆಜಿ ಇದ್ದಾಗ ಮೊದಲ ಹನಿಗೇ ನೀಲಿಯಾಗುತ್ತಿತ್ತು, ಈಗ ಎರಡನೇ ಹನಿವರೆಗೆ ಹೋಗುತ್ತದೆ. ಸ್ನಾನಕ್ಕೆ, ಬಟ್ಟೆಗೆ ನನಗೆ ವ್ಯತ್ಯಾಸ ತಿಳಿಯಲಿಲ್ಲ. ತೊಳೆಯುವ ಸರದಿ ಹೆಚ್ಚಿದ್ದರಿಂದ ಮೋರಿಗೆ ಹೋಗುವ ನೀರು ಮಾತ್ರ ತುಸು ಜಾಸ್ತಿಯಾಗಿದೆ. ಇನ್ನು ನೀರಿನಲ್ಲಿ ಕಬ್ಬಿಣದಂಶ ಇದ್ದವರು ನನ್ನ ಲೆಕ್ಕ ಅನುಸರಿಸಬೇಡಿ. ಎರಡು ಮನೆ ಆಚೆಯವರ ಬೋರ್ ನೀರು ಬಕೆಟ್ಟಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಕೂರುತ್ತದೆ. ಅಂಥ ನೀರು ರೆಸಿನ್ ಮಣಿಗಳ ಮೇಲೆ ತುಕ್ಕು ಮೆತ್ತುತ್ತದೆ. ಅವರಿಗೆ ಮೊದಲು ಕಬ್ಬಿಣದ ಫಿಲ್ಟರ್ ಬೇಕು.

ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ಸಾಫ್ಟನರ್ ಪರೀಕ್ಷೆ ಮಾಡುವವರನ್ನು ನಂಬಬೇಡಿ. ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದಿರುವುದರಿಂದ ಟಿಡಿಎಸ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹನಿ ಕಿಟ್ಟೇ ಸರಿ. ನಮ್ಮ ಗಡಸುತನಕ್ಕೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಅಪ್ಪನಿಗೆ ಬಿಪಿ ಇದೆ, ಅದಕ್ಕೇ ಅಡುಗೆಮನೆಯ ನಲ್ಲಿಗೆ ಸಾಫ್ಟನರ್ ಲೈನ್ ಕೊಟ್ಟಿಲ್ಲ.

ಮಳೆಗಾಲದಲ್ಲಿ ಎರಡು ಮೋಡ್‌ಗಳೂ ಸೋತವು. ಕರೆಂಟು ಹೋಗಿ ಬಂದು ಯಂತ್ರದ ಗಡಿಯಾರ ಆರು ಗಂಟೆ ಹಿಂದೆ ಬಿತ್ತು. ರಾತ್ರಿ ಎರಡಕ್ಕೆ ಆಗಬೇಕಾದದ್ದು ಬೆಳಿಗ್ಗೆ ಎಂಟಕ್ಕೆ ಶುರುವಾಯಿತು, ಆ ಹೊತ್ತಿನಲ್ಲಿ ವಾಲ್ವ್ ಗಡಸು ನೀರನ್ನೇ ನೇರ ಸೋಲಾರಿಗೆ ಬಿಟ್ಟಿತು. ಇನ್ನೊಂದು ಸಲ ನೀರು ಗಡಸಾಗಿದ್ದರೂ ಉಪ್ಪಿನ ಮಟ್ಟ ಮೂರು ವಾರ ಒಂದಿಂಚೂ ಇಳಿಯಲಿಲ್ಲ. ಥಂಡಿಗೆ ಮೇಲಿನ ಉಪ್ಪು ಹೆಪ್ಪುಗಟ್ಟಿ ಚಪ್ಪಡಿಯಾಗಿತ್ತು, ಕೆಳಗೆಲ್ಲ ಟೊಳ್ಳು, ನೀರಿಗೆ ಉಪ್ಪೇ ತಾಗುತ್ತಿರಲಿಲ್ಲ. ಪೊರಕೆಯ ಹಿಡಿಯಿಂದ ಮೆಲ್ಲಗೆ ಕುಟ್ಟಿ ಒಡೆದೆ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕಿನ ಅರ್ಧಕ್ಕಿಂತ ಹೆಚ್ಚು ತುಂಬುವುದಿಲ್ಲ.

ಟ್ಯಾಂಕಿನ ಉಪ್ಪುನೀರು ಎಳೆಯುತ್ತಲೇ ಇಲ್ಲ ಅಂದರೆ ಒತ್ತಡ ನೋಡಿ. ತಾರಸಿ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ಉಪ್ಪುನೀರು ಹೀರುವ ಇಂಜೆಕ್ಟರಿಗೆ ಸಾಲದು, ನಾವೂ ಪ್ರೆಶರ್ ಪಂಪ್ ಹಾಕಿಸಬೇಕಾಯಿತು.

ದಿನವೂ ಒಂದೇ ಬಳಕೆ ಇರುವ ಮನೆಗೆ ದಿನದ ಲೆಕ್ಕ ಸಾಕು. ನಮ್ಮಂಥ ಬಂದುಹೋಗುವವರ ಮನೆಗೆ ಲೀಟರ್ ಲೆಕ್ಕವೇ ಸರಿ. ತೊಳೆದ ನೀರನ್ನು ಮಾತ್ರ ಎರಡರಲ್ಲೂ ಗಿಡಕ್ಕೆ ಬಿಡಬೇಡಿ. ದಂಡವಾಗುತ್ತದಲ್ಲ ಅಂತ ಮೊದಲ ತಿಂಗಳು ಹಿತ್ತಲಿನ ಬಾಳೆ ಬುಡಕ್ಕೆ ತಿರುಗಿಸಿದ್ದೆ. ಎಲೆಯಂಚು ಸುಟ್ಟು ಬಂದ ಹಾಗೆ ಕಂದಾಯಿತು, ಹಾಕಿದ್ದ ಗೊನೆ ಬೆರಳುಗಾತ್ರಕ್ಕೇ ನಿಂತಿತು. ಭಾವ ಬಂದಾಗ ಅದನ್ನು ತೋರಿಸಲಿಲ್ಲ.