ಜೊಟೆರೊ: ಮತ್ತೆ ಸಿಗದ ಚಾಟ್‌ಗೆ ಅಡಿಟಿಪ್ಪಣಿ ಬರೆಯಬೇಕಾದವರಿಗೆ

ಸಂಶೋಧನೆಗೆ ಹೆಸರು ನೋಂದಾಯಿಸಿದ ಕಾಲದಿಂದಲೂ ನಾನು ಜೊಟೆರೊ ಬಳಸುತ್ತಿದ್ದೇನೆ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಉಚಿತ ತಂತ್ರಾಂಶ ಪುಸ್ತಕ, ಲೇಖನಗಳ ಆಕರಪಟ್ಟಿಯನ್ನು ಎಷ್ಟು ಚೆನ್ನಾಗಿ ನಿಭಾಯಿಸುತ್ತದೆ ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ವಿಮರ್ಶೆ ಅದರ ಒಂದೇ ಒಂದು ಉಪಯೋಗದ ಬಗ್ಗೆ. ಎಐ ಚಾಟ್‌ನಲ್ಲಿ ಬಂದ ಉತ್ತರವನ್ನು ಪ್ರಬಂಧದಲ್ಲಿ ಉಲ್ಲೇಖಿಸಬೇಕಾದಾಗ, ಓದುಗರು ಹುಡುಕಿ ಹೋದರೂ ಆ ಉತ್ತರ ಅಲ್ಲಿ ಸಿಗುವುದಿಲ್ಲ ಎಂದು ಗೊತ್ತಿದ್ದೂ, ಆಕರವನ್ನು ನಂಬುವಂತೆ ಹೇಗೆ ಕೊಡುವುದು? ಈ ಕೆಲಸಕ್ಕೆ ಜೊಟೆರೊಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಏನನ್ನು ದಾಖಲಿಸಬೇಕು ಎಂದು ಅದು ಹೇಳಿಕೊಡುವುದಿಲ್ಲ. ನಾವು ತಿಳಿದುಕೊಂಡು ತುಂಬಿದರೆ ಎಲ್ಲವನ್ನೂ ಒಂದೆಡೆ ಭದ್ರವಾಗಿ ಇಟ್ಟುಕೊಳ್ಳುತ್ತದೆ.

ನನ್ನ ವಿಷಯ ಮುಂಬಯಿ ಕನ್ನಡಿಗರ ಸಾಮಾಜಿಕ ಇತಿಹಾಸ. ಕಲೀನಾದ ಗ್ರಂಥಾಲಯ, ಮಾಟುಂಗಾ ಮತ್ತು ಮಾಹಿಮ್‌ನ ಸಂಘಗಳ ಹಳೆಯ ವರದಿಗಳು, ಹಿರಿಯರ ಸಂದರ್ಶನಗಳು ನನ್ನ ಮುಖ್ಯ ಆಕರಗಳು. ಒಂದು ಅಧ್ಯಾಯ ಮಾತ್ರ ಬೇರೆ ಬಗೆಯದು: ಇಂದಿನ ಹುಡುಗನೊಬ್ಬ ತನ್ನ ಅಜ್ಜನ ಮುಂಬಯಿಯ ಬಗ್ಗೆ ಚಾಟ್‌ನಲ್ಲಿ ಕನ್ನಡದಲ್ಲೇ ಕೇಳಿದರೆ ಅವನಿಗೆ ಎಂಥ ಕಥೆ ಸಿಗುತ್ತದೆ ಎಂಬುದು. ಇಲ್ಲಿ ಚಾಟ್ ನನಗೆ ಸಹಾಯಕ ಸಾಧನವಲ್ಲ, ಅದೇ ಅಧ್ಯಯನದ ಸಾಮಗ್ರಿ. ಆದ್ದರಿಂದ ನಮ್ಮ ಮಾರ್ಗದರ್ಶಕರು ಮೊದಲ ಕರಡು ನೋಡಿದಾಗಲೇ, "ಇದನ್ನು ಪರೀಕ್ಷಕರು ಎಲ್ಲಿ ಹೋಗಿ ನೋಡಬೇಕಮ್ಮಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

ಶೈಲಿ ಕೈಪಿಡಿಗಳ ಉತ್ತರ ಒಂದೇ ತೆರನಾಗಿಲ್ಲ. 2023ರಲ್ಲಿ ಎಪಿಎ ಶೈಲಿ ಕೊಟ್ಟ ಮಾದರಿಯಲ್ಲಿ ಕಂಪನಿಯೇ ಲೇಖಕ, ಎಐ ಮಾದರಿಯ ಹೆಸರೇ ಶೀರ್ಷಿಕೆ, ಪಕ್ಕದಲ್ಲಿ ಆವೃತ್ತಿ ಮತ್ತು ವರ್ಷ. ಅದೇ ವರ್ಷದ ಎಂಎಲ್‌ಎ ಶೈಲಿಯ ಸೂಚನೆಯಲ್ಲಿ ನಾವು ಕೇಳಿದ ಪ್ರಶ್ನೆಯೇ ಶೀರ್ಷಿಕೆಯ ಜಾಗಕ್ಕೆ ಬರುತ್ತದೆ, ಉತ್ತರ ಬಂದ ದಿನಾಂಕವನ್ನೂ ಕೊಡಬೇಕು. ಷಿಕಾಗೊ ಶೈಲಿ ಇಂಥ ಚಾಟ್ ಅನ್ನು ಖಾಸಗಿ ಪತ್ರದ ಸಾಲಿಗೆ ಸೇರಿಸಿ, ಅಡಿಟಿಪ್ಪಣಿಯಲ್ಲಿ ಹೇಳಿದರೆ ಸಾಕು, ಗ್ರಂಥಸೂಚಿ ಬೇಡ ಎಂದಿತು. ಯಾವುದನ್ನೇ ಅನುಸರಿಸಿದರೂ ಆ ಒಂದು ಸಾಲಿನಿಂದ ಓದುಗರು ಉತ್ತರವನ್ನು ತಲುಪಲಾರರು. ಸಾಲು ಬೊಟ್ಟು ಮಾಡುವ ವಸ್ತು ನಮ್ಮ ಬಳಿಯೇ ಇರಬೇಕು. ಎಪಿಎ ಕೂಡ ದೀರ್ಘ ಉತ್ತರಗಳ ಪೂರ್ಣ ಪಾಠವನ್ನು ಅನುಬಂಧದಲ್ಲಿ ಕೊಡಬಹುದು ಎನ್ನುವುದು ಇದೇ ಕಾರಣಕ್ಕೆ. ಹಾಗಾಗಿ ಉಲ್ಲೇಖದ ಸಾಲು ಹೇಗಿರಬೇಕು ಎಂಬ ಚಿಂತೆಯನ್ನು ನಾನು ಕೊನೆಗೆ ಇಟ್ಟುಕೊಂಡೆ. ದಾಖಲೆ ಸರಿಯಾಗಿದ್ದರೆ ಯಾವ ಶೈಲಿಯ ಸಾಲನ್ನೂ ಅದರಿಂದ ತೆಗೆಯಬಹುದು.

ಜೊಟೆರೊದಲ್ಲಿ ನನ್ನ ದಾಖಲೆ ಹೀಗಿರುತ್ತದೆ. ನಾನು ಬಳಸುವ ಏಳನೇ ಆವೃತ್ತಿಯಲ್ಲಿ ಚಾಟ್‌ಗೆಂದೇ ಬೇರೆ ನಮೂದಿನ ಬಗೆ ಇಲ್ಲ. ನಾನು ಆರಿಸಿಕೊಂಡಿರುವುದು Software. ಅದರಲ್ಲಿ ಆವೃತ್ತಿಯನ್ನು ತುಂಬಲು Version ಎಂಬ ಮನೆ ಇದೆ, ವೆಬ್‌ಪುಟದ ಬಗೆಯಲ್ಲಿ ಇಲ್ಲ. ಕಂಪನಿಯ ಹೆಸರನ್ನು ಬರೆಯುವಾಗ ಅದನ್ನು ಒಂದೇ ಮನೆಯ ಹೆಸರಾಗಿ ಬದಲಿಸಬೇಕು, ಇಲ್ಲವಾದರೆ ತಂತ್ರಾಂಶ ಅದನ್ನು ಮನುಷ್ಯರ ಹೆಸರಿನಂತೆ ಎರಡು ತುಂಡು ಮಾಡಿಕೊಳ್ಳುತ್ತದೆ. ಬ್ರೌಸರಿನ ಗುಂಡಿ ಒತ್ತಿ ಚಾಟ್ ಪುಟವನ್ನು ಉಳಿಸಿದರೆ ಶೀರ್ಷಿಕೆಯಾಗಿ ಬರುವುದು ಪುಟದ ತಲೆಬರಹ. ಅದು ಸಾಮಾನ್ಯವಾಗಿ ಚಾಟ್ ಸೇವೆ ತಾನೇ ಇಟ್ಟುಕೊಂಡ ಹೆಸರು, ನಾವು ಕೇಳಿದ ಪ್ರಶ್ನೆಯಲ್ಲ. ಶೀರ್ಷಿಕೆಯನ್ನು ಕೈಯಿಂದ ತಿದ್ದಿ, ಪ್ರಶ್ನೆಯನ್ನು ಅಕ್ಷರಶಃ ಕೆಳಗಿನ ಟಿಪ್ಪಣಿಯಲ್ಲಿ ಹಾಕುತ್ತೇನೆ. ಅಕ್ಷರಶಃ ಎಂದರೆ ತಪ್ಪು ಕಾಗುಣಿತವಿದ್ದರೆ ಅದನ್ನೂ ಸೇರಿಸಿ. 'ಮುಂಬಯಿ' ಎಂದು ಕೇಳಿದ್ದನ್ನು ದಾಖಲೆಯಲ್ಲಿ 'ಮುಂಬೈ' ಎಂದು ಚೊಕ್ಕ ಮಾಡಿದರೆ ಅದು ನಾವು ಕೇಳಿದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಉತ್ತರದ ಪೂರ್ಣ ಪಾಠವನ್ನು ಯುನಿಕೋಡ್‌ನ ಸರಳ ಪಠ್ಯ ಕಡತವಾಗಿ ಉಳಿಸಿ ಅದೇ ನಮೂದಿಗೆ ಲಗತ್ತಿಸುತ್ತೇನೆ. ಪಿಡಿಎಫ್ ಮಾತ್ರ ಇಟ್ಟುಕೊಳ್ಳಬೇಡಿ ಎಂದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒತ್ತಿ ಹೇಳುತ್ತೇನೆ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿದಾಗ ಒತ್ತಕ್ಷರಗಳು ಚದುರಿ, ಗುಣಿತದ ಚಿಹ್ನೆಗಳು ಹಿಂದುಮುಂದಾಗುವುದು ಎಷ್ಟೋ ಸಲ ಆಗುತ್ತದೆ. ಮುಂದೆ ಆ ಪಾಠದಲ್ಲಿ ಒಂದು ಪದವನ್ನು ಹುಡುಕಲೂ ಆಗುವುದಿಲ್ಲ. ಉಚಿತ ಖಾತೆಯಲ್ಲಿ ಜೊಟೆರೊ ಕೊಡುವ 300 ಎಂಬಿ ಜಾಗ ಪರದೆಯ ಚಿತ್ರಗಳಿಗೆ ಬೇಗ ಸಾಲದಾಗುತ್ತದೆ, ಪಠ್ಯ ಕಡತಗಳಿಗೆ ಬಹುಕಾಲ ಸಾಕು.

ಈಗ ದಿನಾಂಕ ಮತ್ತು ಆವೃತ್ತಿಯ ಮಾತು. ನನ್ನ ಅಧ್ಯಾಯದ ಒಂದು ನಮೂದನ್ನೇ ತೆಗೆದುಕೊಳ್ಳುತ್ತೇನೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಹೇಗೆ ಓದುತ್ತಿದ್ದರು ಎಂದು ಚಾಟ್‌ಜಿಪಿಟಿಯನ್ನು ಕೇಳಿದ್ದೆ. ಖಾತೆಯ ಸೆಟ್ಟಿಂಗ್‌ಗಳಲ್ಲಿ ದತ್ತಾಂಶ ರಫ್ತು ಮಾಡುವ ಸೌಲಭ್ಯವಿದೆ. ಕೋರಿದರೆ ಮಿಂಚಂಚೆಗೆ ಕೊಂಡಿ ಬರುತ್ತದೆ, ಅದು 24 ಗಂಟೆಯೊಳಗೆ ಅವಧಿ ಮುಗಿಯುವಂಥದ್ದು, ಕೂಡಲೇ ಇಳಿಸಿಕೊಳ್ಳಬೇಕು. ಬಂದ ಕಟ್ಟಿನಲ್ಲಿರುವ conversations.json ಕಡತದಲ್ಲಿ ಚಾಟ್ ಕೊಟ್ಟ ಉತ್ತರದ ಜೊತೆ ಇಂಥ ಸಾಲುಗಳಿರುತ್ತವೆ:

```
"create_time": 1717354800.0
"model_slug": "gpt-4o"
```

ಮೊದಲ ಸಂಖ್ಯೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಜಾಗತಿಕ ಕಾಲಮಾನಕ್ಕೆ ತಿರುಗಿಸಿದರೆ 2024ರ ಜೂನ್ 2, ಸಂಜೆ 7 ಗಂಟೆ. ಮುಂಬಯಿಯ ಗಡಿಯಾರ ಐದೂವರೆ ಗಂಟೆ ಮುಂದಿದೆ, ಹಾಗಾಗಿ ಇಲ್ಲಿ ಆಗ ಜೂನ್ 3, ಮಧ್ಯರಾತ್ರಿ ಕಳೆದು 12:30. ಟಿಪ್ಪಣಿಯಲ್ಲಿ ಜೂನ್ 3 ಎಂದಿದ್ದು ಕಡತವನ್ನು ತೆರೆದ ಪರೀಕ್ಷಕರ ಲೆಕ್ಕಕ್ಕೆ ಜೂನ್ 2 ಸಿಕ್ಕರೆ ಅವರಿಗೆ ಅನುಮಾನ ಬರುವುದು ಸಹಜ. ರಾತ್ರಿ ಲೋಕಲ್ ಹಿಡಿದು ಮನೆ ಸೇರಿ ಊಟ ಮುಗಿಸಿ ಕೆಲಸಕ್ಕೆ ಕೂರುವ ನಮ್ಮಂಥವರಿಗೆ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ಪ್ರತಿ ಚಾಟ್‌ನಲ್ಲೂ ಈ ಒಂದು ದಿನದ ವ್ಯತ್ಯಾಸ ಬರುತ್ತದೆ. ಆದ್ದರಿಂದ Date ಮನೆಯಲ್ಲಿ ದಿನಾಂಕ ಬರೆದರೆ ಸಾಲದು, ಟಿಪ್ಪಣಿಯಲ್ಲಿ ಗಂಟೆಯನ್ನೂ 'ಭಾರತೀಯ ಕಾಲಮಾನ' ಎಂಬ ಮಾತನ್ನೂ ಸೇರಿಸುತ್ತೇನೆ. Accessed ಎಂಬ ಮನೆ ಬೇರೆ. ಪುಟವನ್ನು ಉಳಿಸಿದ ದಿನ ಅಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ, ಅದು ಉತ್ತರ ಬಂದ ದಿನವೇ ಆಗಿರಬೇಕೆಂದಿಲ್ಲ.

ಎರಡನೆಯ ಸಾಲು ಮಾದರಿಯ ಹೆಸರು. ಅದನ್ನೇ ಆವೃತ್ತಿ ಎಂದುಕೊಂಡರೆ ದಾಖಲೆ ಅರ್ಧಕ್ಕೇ ನಿಲ್ಲುತ್ತದೆ. 2023ರ ಆರಂಭದಲ್ಲಿ ಚಾಟ್‌ಜಿಪಿಟಿಯ ಪುಟದ ಅಡಿಯಲ್ಲಿ 'Mar 14 Version' ಎಂಬಂತೆ ದಿನಾಂಕವೇ ಕಾಣುತ್ತಿತ್ತು, ಎಪಿಎ ತನ್ನ ಉದಾಹರಣೆಗೆ ಎತ್ತಿಕೊಂಡಿದ್ದೂ ಅದನ್ನೇ. ಆಮೇಲೆ ಆ ಸಾಲು ಮರೆಯಾಯಿತು. ಹೆಸರು ಹಾಗೆಯೇ ಉಳಿದು ಒಳಗಿನದು ಬದಲಾಗುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಇದೆ: 2025ರ ಏಪ್ರಿಲ್ ಕೊನೆಯಲ್ಲಿ ಓಪನ್‌ಎಐ ಜಿಪಿಟಿ-4o ಮಾದರಿಗೆ ಪರಿಷ್ಕರಣೆ ತಂದಿತು, ಅದು ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿದೆ ಎಂಬ ಮಾತು ಬಂದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ಆ ನಾಲ್ಕಾರು ದಿನಗಳಲ್ಲಿ ಕೇಳಿದವರಿಗೂ ಆಮೇಲೆ ಕೇಳಿದವರಿಗೂ ಪರದೆಯ ಮೇಲಿನ ಹೆಸರು ಒಂದೇ. ಇಂಥ ಕಡೆ ದಿನಾಂಕವೇ ಆವೃತ್ತಿಯ ಕೆಲಸ ಮಾಡುತ್ತದೆ. ನಾನು Version ಮನೆಯಲ್ಲಿ 'gpt-4o, 3 ಜೂನ್ 2024ರಂದು ಇದ್ದಂತೆ' ಎಂದು ಎರಡನ್ನೂ ಜೋಡಿಸಿಯೇ ಬರೆಯುತ್ತೇನೆ. ಚಾಟ್ ಪುಟದ ಬದಲು, ಪ್ರೋಗ್ರಾಂಗಳು ಮಾದರಿಯನ್ನು ನೇರವಾಗಿ ತಲುಪುವ ದಾರಿಯಾದ ಎಪಿಐ ಮೂಲಕ ಕೇಳುವವರಿಗೆ gpt-4o-2024-08-06 ಎಂಬಂಥ, ದಿನಾಂಕವೇ ಸೇರಿರುವ ಹೆಸರು ಸಿಗುತ್ತದೆ. ಸಾಧ್ಯವಿರುವವರು ಅದನ್ನೇ ಬಳಸಲಿ. ಹಾಗೆಂದು ಅದೇ ಪ್ರಶ್ನೆಗೆ ಅದೇ ಉತ್ತರ ಬರುತ್ತದೆಂದಲ್ಲ. ಪ್ರತಿ ಪದವನ್ನೂ ಸಂಭವನೀಯತೆಯ ಮೇಲೆ ಆರಿಸುವ ಕ್ರಮವಾದ್ದರಿಂದ ಒಂದೇ ದಿನ ಎರಡು ಸಲ ಕೇಳಿದರೂ ಪಾಠ ಬೇರೆಯಾಗಬಹುದು. ನನ್ನ ಪ್ರಶ್ನೆಗೆ ಒಮ್ಮೆ ಹೋಟೆಲಿನ ಅಡುಗೆಮನೆಯಿಂದ ಕಥೆ ಶುರುವಾದರೆ ಇನ್ನೊಮ್ಮೆ ರಾತ್ರಿಶಾಲೆಯಿಂದ ಶುರುವಾಯಿತು. ನನ್ನ ಅಧ್ಯಾಯಕ್ಕೆ ಆ ಎರಡೂ ಬೇಕು, ಎರಡಕ್ಕೂ ಪ್ರತ್ಯೇಕ ನಮೂದುಗಳಿವೆ.

ಪ್ರಶ್ನೆ ಎಂದರೆ ನಾವು ಟೈಪ್ ಮಾಡಿದ್ದಷ್ಟೇ ಅಲ್ಲ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಖಾತೆಯಲ್ಲಿ ನಮ್ಮ ಬಗ್ಗೆ ಬರೆದಿಟ್ಟ ಸೂಚನೆಗಳು, ಹಳೆಯ ಚಾಟ್‌ಗಳ ನೆನಪು, ವೆಬ್ ಹುಡುಕಾಟ, ಅದೇ ಚಾಟ್‌ನಲ್ಲಿ ಮೊದಲು ನಡೆದ ಮಾತು, ಇವೆಲ್ಲ ಉತ್ತರದೊಳಗೆ ಇಳಿಯುತ್ತವೆ. ನಾನು ಮುಂಬಯಿ ಕನ್ನಡಿಗರ ಸಂಶೋಧಕಿ ಎಂದು ಸೇವೆಗೆ ಮೊದಲೇ ಗೊತ್ತಿದ್ದರೆ ಅಜ್ಜನ ಕಥೆ ಕೇಳುವ ಹುಡುಗನಿಗೆ ಸಿಗುವ ಉತ್ತರ ನನಗೆ ಸಿಗಲಾರದು. ಸೂಚನೆ, ನೆನಪು, ಹುಡುಕಾಟಗಳನ್ನು ಆಫ್ ಮಾಡಿ, ಹೊಸ ಚಾಟ್ ತೆರೆದು ಕೇಳುತ್ತೇನೆ. ಹಾಗೆ ಕೇಳಿದ್ದೇನೆ ಎಂಬುದನ್ನೂ Extra ಎಂಬ ಮನೆಯಲ್ಲಿ ಬರೆದಿಡುತ್ತೇನೆ.

ಪುಣೆಯಲ್ಲಿ ಓದುತ್ತಿರುವ ಗೆಳತಿಯ ತಂಗಿ, "ಹಂಚಿಕೆಯ ಕೊಂಡಿ ಕೊಟ್ಟರೆ ಮುಗಿಯಿತಲ್ಲ, ಅಕ್ಕ?" ಎಂದು ಕೇಳಿದಳು. ಕೊಂಡಿ ಇದ್ದರೆ ಒಳ್ಳೆಯದೇ, URL ಮನೆಯಲ್ಲಿ ಇರಲಿ. ಆದರೆ ಮೂಲ ಚಾಟ್ ಅಳಿಸಿದರೆ ಕೊಂಡಿಯೂ ಸತ್ತುಹೋಗುತ್ತದೆ. ತಾತ್ಕಾಲಿಕ ಚಾಟ್ ಆಗಿದ್ದರೆ ಅದು ಇತಿಹಾಸದ ಪಟ್ಟಿಗೇ ಸೇರುವುದಿಲ್ಲ.

ಕಡತ ನನ್ನ ಕೈಯಲ್ಲೇ ಇರುವಾಗ ನಾನು ಅದನ್ನು ತಿದ್ದಿಲ್ಲ ಎಂದು ನಂಬುವುದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. ಜೊಟೆರೊ ಇದಕ್ಕೆ ಉತ್ತರ ಕೊಡುವುದಿಲ್ಲ, ನಾನು ಒಂದು ಅಂಕ ಹಿಡಿದಿಟ್ಟಿದ್ದು ಇಲ್ಲಿ. ವಿಂಡೋಸ್‌ನಲ್ಲಿ ಈ ಆದೇಶ ಕೊಟ್ಟರೆ ಕಡತದ ಬೆರಳಚ್ಚಿನಂಥ ಒಂದು ಉದ್ದ ಸಾಲು ಬರುತ್ತದೆ:

```
certutil -hashfile chat.txt SHA256
```

ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಅದನ್ನು ಅದೇ ದಿನ ಮಾರ್ಗದರ್ಶಕರಿಗೆ ಮಿಂಚಂಚೆಯಲ್ಲಿ ಕಳುಹಿಸುತ್ತೇನೆ. ಇದು ಸಾಬೀತು ಮಾಡುವುದು ಅಂದಿನಿಂದ ಕಡತ ಬದಲಾಗಿಲ್ಲ ಎಂಬುದನ್ನು ಮಾತ್ರ, ಚಾಟ್ ನಿಜವಾಗಿ ನಡೆದಿತ್ತು ಎಂಬುದನ್ನಲ್ಲ. ಪ್ರಬಂಧ ಸಲ್ಲಿಸುವ ಹೊತ್ತಿಗೆ ಎಲ್ಲ ಪಠ್ಯ ಕಡತಗಳನ್ನು ಸೆರ್ನ್ ಸಂಸ್ಥೆ ನಡೆಸುವ ಝೆನೊಡೊ ಭಂಡಾರಕ್ಕೆ ಸೇರಿಸಿ, ಅಲ್ಲಿ ಸಿಗುವ ಶಾಶ್ವತ ಡಿಒಐ ಸಂಖ್ಯೆಯನ್ನು ಅಡಿಟಿಪ್ಪಣಿಗೆ ಕೊಡುವ ಯೋಚನೆ ಇದೆ. ಸಂದರ್ಶನ ಕೊಟ್ಟ ಹಿರಿಯರ ಹೆಸರೋ ಮನೆಯ ವಿವರವೋ ಇರುವ ಚಾಟ್‌ಗಳು ಅಲ್ಲಿಗೆ ಹೋಗುವುದಿಲ್ಲ.

ದಾಖಲೆ ಇಲ್ಲದ ಹಳೆಯ ಚಾಟ್‌ಗಳನ್ನು ಇಟ್ಟುಕೊಂಡವರು ಖಾತೆ ಇರುವಾಗಲೇ ಒಮ್ಮೆ ರಫ್ತು ಮಾಡಿಸಿ, ಸಮಯ ಮತ್ತು ಮಾದರಿಯ ಹೆಸರನ್ನು ಅಲ್ಲಿಂದ ತೆಗೆದುಕೊಳ್ಳಿ. ಅಲ್ಲಿಯೂ ಸಿಗದಿದ್ದರೆ Version ಮನೆಯನ್ನು ಊಹೆಯಿಂದ ತುಂಬಬೇಡಿ, 'ದಾಖಲಾಗಿಲ್ಲ' ಎಂದೇ ಬರೆಯಿರಿ.