ಹಬ್ಬದ ರೀಲ್ ಮಾಡಿಸುವವರು ನನ್ನ ಈ ತಪ್ಪನ್ನು ಮಾಡಬೇಡಿ

ದಾವಣಗೆರೆಯ ಸೀರೆ ಅಂಗಡಿಯೊಂದರ ಪ್ರಚಾರವನ್ನು ನೋಡಿಕೊಳ್ಳುವ ನಾನು, ಕಳೆದ ದೀಪಾವಳಿಗೆ ನಾಲ್ವರು ಇನ್‌ಫ್ಲುಯೆನ್ಸರ್‌ಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಬ್ರೀಫ್ ಇಷ್ಟೇ: ‘ಅಂಗಡಿಯ ಹೆಸರು ಎರಡು ಸಲ ಬರಲಿ, ರೇಷ್ಮೆ ಸೀರೆ ತೋರಿಸಿ, 50% ರಿಯಾಯಿತಿ ಎಂದು ಹೇಳಿ.’ ರಿಯಾಯಿತಿ ಇದ್ದದ್ದು ಅಸಲಿ ರೇಷ್ಮೆಯಲ್ಲದ ಆರ್ಟ್ ಸಿಲ್ಕ್ ಸೀರೆಗಳಿಗೆ ಮಾತ್ರ, ಅದೂ 50%ವರೆಗೆ ಎಂಬುದನ್ನು ನಾನು ಬರೆದಿರಲಿಲ್ಲ.

ಅಂಗಡಿಗೆ ಒಮ್ಮೆಯೂ ಬಾರದ ಒಬ್ಬರು ‘ಪ್ರತಿ ಹಬ್ಬಕ್ಕೂ ನಾನು ಇಲ್ಲೇ ಸೀರೆ ತಗೊಳ್ಳೋದು’ ಎಂದುಬಿಟ್ಟರು. ಹಣ ಪಡೆದ ವಿಷಯ ಕ್ಯಾಪ್ಷನ್ನಿನ ಕೊನೆಯಲ್ಲಿ, ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ #collab ಎಂದಷ್ಟೇ ಇತ್ತು. ಇನ್ನೊಬ್ಬರು ಅದನ್ನೂ ಹಾಕಲಿಲ್ಲ. ಹಣವಲ್ಲ, ಸೀರೆ ಮಾತ್ರ ಪಡೆದಿದ್ದರಿಂದ ಬೇಕಿಲ್ಲವೆಂದು ಅವರು ತಿಳಿದಿದ್ದರು.

ನರಕ ಚತುರ್ದಶಿಯ ಹಿಂದಿನ ದಿನ ಹರಿಹರದಿಂದ ಮಗಳೊಂದಿಗೆ ಬಸ್ಸಿನಲ್ಲಿ ಬಂದ ಹಿರಿಯರೊಬ್ಬರು ಮೊಬೈಲಿನಲ್ಲಿ ರೀಲ್ ತೋರಿಸಿ ಅದೇ ರೇಷ್ಮೆ ಸೀರೆಯನ್ನು ಅರ್ಧ ಬೆಲೆಗೆ ಕೇಳಿದರು. ವಿಷಯ ತಿಳಿದಾಗ, ‘ಆ ಹುಡುಗಿ ತಾನೇ ಇಲ್ಲಿ ತಗೊಳ್ತೀನಿ ಅಂದಳಲ್ಲಪ್ಪ, ದುಡ್ಡು ಕೊಟ್ಟು ಹೇಳಿಸಿದ್ದು ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅಂದೇ ನಾಲ್ಕೂ ರೀಲ್‌ಗಳನ್ನು ತೆಗೆಸಿದೆವು. ಪೂರ್ತಿ ಮುಂಗಡವಾಗಿ ಕೊಟ್ಟಿದ್ದ ಹಣ ಹಿಂದಿರುಗಲಿಲ್ಲ.

ಜಾಹೀರಾತು ಮಾನದಂಡ ಮಂಡಳಿಯ (ಆಸ್ಕಿ) 2021ರ ಮಾರ್ಗಸೂಚಿಯನ್ನು ನಾನು ಓದಿದ್ದು ಆಮೇಲೆ. ಹಣವಿರಲಿ, ಉಚಿತ ಸೀರೆಯಿರಲಿ, ಏನನ್ನು ಪಡೆದಿದ್ದರೂ ತಿಳಿಸಲೇಬೇಕು. ಹ್ಯಾಷ್‌ಟ್ಯಾಗ್‌ಗಳ ನಡುವೆ ಹುದುಗಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಇದು ಜಾಹೀರಾತು ಎಂಬ ಸೂಚನೆ ಪರದೆಯ ಮೇಲೆ ಕನಿಷ್ಠ 3 ಸೆಕೆಂಡು ಇರಬೇಕು. ಅದಕ್ಕಿಂತ ಉದ್ದವಾಗಿದ್ದು ಎರಡು ನಿಮಿಷದೊಳಗಿದ್ದರೆ ಮೂರನೇ ಒಂದು ಭಾಗದಷ್ಟು ಹೊತ್ತು, ಅಂದರೆ ನಮ್ಮ 45 ಸೆಕೆಂಡಿನ ರೀಲಿನಲ್ಲಿ 15 ಸೆಕೆಂಡು, ಕಾಣಬೇಕಿತ್ತು. ಇನ್‌ಸ್ಟಾಗ್ರಾಂನ ಪೇಯ್ಡ್ ಪಾರ್ಟ್‌ನರ್‌ಶಿಪ್ ಗುರುತನ್ನು ಹಾಕಿದರೂ ಇನ್‌ಫ್ಲುಯೆನ್ಸರ್ ತಾವಾಗಿಯೂ ತಿಳಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು, ಮತ್ತು ಅದು ಜಾಹೀರಾತು ಕೊಟ್ಟವರಿಗೂ ಅನುಮೋದಿಸಿದವರಿಗೂ ಅನ್ವಯಿಸುತ್ತದೆ.

ಈ ಯುಗಾದಿಗೆ ಬರೆದ ಬ್ರೀಫ್‌ನಲ್ಲಿ ಯಾವ ಸೀರೆಗೆ, ಯಾವ ದಿನಾಂಕದವರೆಗೆ, ಎಷ್ಟು ರಿಯಾಯಿತಿ ಎಂಬುದನ್ನು ಹೇಳಬೇಕಾದ ಮಾತಿನಲ್ಲೇ ಕೊಟ್ಟೆ. ಅಂಗಡಿಗೆ ಬಂದು ನೋಡದೆ ಸ್ವಂತ ಅನುಭವದ ಮಾತು ಆಡಬಾರದೆಂದು ಸೇರಿಸಿದೆ. ‘ಜಾಹೀರಾತು’ ಎಂಬ ಪದ ಕನ್ನಡದಲ್ಲೇ, ಪರದೆಯ ಮೇಲ್ಭಾಗದಲ್ಲಿ, ಮೊದಲ ಸೆಕೆಂಡಿನಿಂದಲೇ ಇರಬೇಕೆಂದು ಬರೆದೆ. ಕೆಳಗೆ ಹಾಕಿದರೆ ಖಾತೆಯ ಹೆಸರು ಮತ್ತು ಕ್ಯಾಪ್ಷನ್ ಅದನ್ನು ಮುಚ್ಚಿಬಿಡುತ್ತವೆ. ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು, ಉಳಿದದ್ದನ್ನು ರೀಲನ್ನು ಮೊಬೈಲಿನಲ್ಲಿ ಪೂರ್ತಿ ನೋಡಿ ಒಪ್ಪಿದ ಮೇಲೆ ಕೊಟ್ಟೆ.