ಮೆಡಿಕಲ್ ಸಂದರ್ಶನಕ್ಕೆ ಬರೆದುಕೊಟ್ಟ ಉತ್ತರಗಳನ್ನು ಕೊಳ್ಳಬೇಡಿ

ಇಂಗ್ಲೆಂಡಿನಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಮಕ್ಕಳನ್ನು ಇಲ್ಲಿಯ ಮೆಡಿಕಲ್ ಕಾಲೇಜಿಗೆ ಸೇರಿಸಲು ತಯಾರಿ ನಡೆಸುತ್ತಿರುವವರು ದಯವಿಟ್ಟು ಇದನ್ನು ಓದಿ. ಸಂದರ್ಶನದ ತರಬೇತಿ ಕೊಡುತ್ತೇವೆ ಎಂದು ಹೇಳಿಕೊಳ್ಳುವ ಒಂದು ಸಂಸ್ಥೆ ನನ್ನ ಅಕ್ಕನ ಮಗಳ ಒಂದು ವರ್ಷವನ್ನು ಹಾಳು ಮಾಡಿತು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಅದೇ ರೀತಿ ಕೆಲಸ ಮಾಡುವವರು ಇನ್ನೂ ಹಲವರಿದ್ದಾರೆ, ಆದ್ದರಿಂದ ಹೆಸರಿಗಿಂತ ಅವರ ರೀತಿಯನ್ನು ಗುರುತಿಸುವುದು ಮುಖ್ಯ. ನಾನು ಕರ್ನಾಟಕದಲ್ಲಿ ಎಂಬಿಬಿಎಸ್ ಓದಿ, ಈಗ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿದ್ದೇನೆ. ಇಂಥ ಸಂದರ್ಶನಗಳಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತು ಅಂಕ ಕೊಟ್ಟ ಅನುಭವವೂ ಇದೆ.

ಊರಿನಲ್ಲಿರುವವರಿಗೆ ಮೊದಲು ಒಂದು ಮಾತು. ನಮ್ಮಲ್ಲಿ ನೀಟ್ ರ‍್ಯಾಂಕ್ ಬಂದ ಮೇಲೆ ಉಳಿಯುವುದು ಕೌನ್ಸೆಲಿಂಗ್ ಮಾತ್ರ. ನೀನು ಯಾಕೆ ಡಾಕ್ಟರ್ ಆಗಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಅಕ್ಟೋಬರ್ 15ರೊಳಗೆ ಯುಕಾಸ್ ಎಂಬ ಕೇಂದ್ರೀಯ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಹಾಕಬೇಕು, ವೈದ್ಯಕೀಯಕ್ಕೆ ಹೆಚ್ಚೆಂದರೆ ನಾಲ್ಕು ಕಾಲೇಜು. ಅಂಕ ಮತ್ತು ಯುಕ್ಯಾಟ್ ಪರೀಕ್ಷೆಯ ಫಲಿತಾಂಶ ನೋಡಿ ಕೆಲವರನ್ನಷ್ಟೇ ಸಂದರ್ಶನಕ್ಕೆ ಕರೆಯುತ್ತಾರೆ. ಬಹುತೇಕ ಕಡೆ ಅದು ಎಂಎಂಐ, ಅಂದರೆ ಒಂದರ ನಂತರ ಒಂದರಂತೆ ಹಲವು ಕಿರು ಸಂದರ್ಶನಗಳು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಇದು. ಬಾಗಿಲ ಹೊರಗೆ ಪ್ರಶ್ನೆಯನ್ನು ಓದಿಕೊಳ್ಳಲು ಒಂದೆರಡು ನಿಮಿಷ, ಒಳಗೆ ಮಾತನಾಡಲು ಸಾಮಾನ್ಯವಾಗಿ ಐದರಿಂದ ಎಂಟು ನಿಮಿಷ, ಗಂಟೆ ಬಾರಿಸಿದರೆ ಮುಂದಿನ ಕೋಣೆ. ಪ್ರತಿ ಕೋಣೆಯಲ್ಲೂ ಬೇರೆ ಪರೀಕ್ಷಕರು. ಹಿಂದಿನ ಕೋಣೆಯಲ್ಲಿ ನೀವು ಹೇಗೆ ಮಾಡಿದಿರಿ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಅಕ್ಕ ಮತ್ತು ಭಾವನಿಗೆ ಈ ಪದ್ಧತಿ ಹೊಸದು. ಆ ಭಯವನ್ನೇ ಸಂಸ್ಥೆ ಬಂಡವಾಳ ಮಾಡಿಕೊಂಡಿತು. ಮೊದಲ ಫೋನ್ ಕರೆಯಲ್ಲೇ "ಒಂದು ಕೋಣೆಯಲ್ಲಿ ತಪ್ಪಿದರೆ ಎಲ್ಲಾ ಮುಗಿಯಿತು" ಎಂದು ಹೆದರಿಸಿದರು. ಅದು ಸುಳ್ಳು. ಒಬ್ಬರ ತೀರ್ಮಾನದ ಮೇಲೆ, ಒಂದು ಕೆಟ್ಟ ಗಳಿಗೆಯ ಮೇಲೆ ಎಲ್ಲವೂ ನಿಲ್ಲಬಾರದು ಎಂಬುದೇ ಹಲವು ಕೋಣೆಗಳನ್ನು ಇಟ್ಟಿರುವುದರ ಉದ್ದೇಶ. ಆಮೇಲೆ "ಕಳೆದ ವರ್ಷದ ನಿಜವಾದ ಪ್ರಶ್ನೆಗಳು ನಮ್ಮ ಬಳಿ ಇವೆ" ಎಂದರು. ಪ್ರಶ್ನೆಗಳನ್ನು ಹೊರಗೆ ಹೇಳಬಾರದು ಎಂದು ಕಾಲೇಜುಗಳು ಅಭ್ಯರ್ಥಿಗಳಿಗೆ ತಾಕೀತು ಮಾಡುತ್ತವೆ. ಅವನ್ನು ಮಾರುತ್ತೇವೆ ಎನ್ನುವವರು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಪ್ರಾಮಾಣಿಕತೆಯನ್ನು ಅಳೆಯುವ ಪರೀಕ್ಷೆಗೆ ಅಪ್ರಾಮಾಣಿಕತೆಯಿಂದ ತಯಾರಿ ಮಾಡಿಸುತ್ತಿರಬೇಕು. ಕೊನೆಗೆ "ಸೀಟ್ ಗ್ಯಾರಂಟಿ" ಎಂಬ ಮಾತು ಬಂತು. ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಆ ಗ್ಯಾರಂಟಿಯ ಅರ್ಥವಿತ್ತು: ಸೀಟ್ ಸಿಗದಿದ್ದರೆ ಅದೇ ಪಾಠವನ್ನು ಇನ್ನೊಮ್ಮೆ ಕೇಳಬಹುದು. ಹಣ ವಾಪಸು ಇಲ್ಲ.

ಹಣ ಹೋದದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಅವರು ಹುಡುಗಿಯ ಉತ್ತರಗಳಿಗೆ ಮಾಡಿದ್ದನ್ನು ಕಂಡು. ಅವಳು ವಾರಾಂತ್ಯಗಳಲ್ಲಿ ಒಂದು ಕೇರ್ ಹೋಮಿನಲ್ಲಿ ಸ್ವಯಂಸೇವಕಿಯಾಗಿದ್ದಳು. ಪಾರ್ಕಿನ್ಸನ್ ಕಾಯಿಲೆಯ ಹಿರಿಯರೊಬ್ಬರು ಕೈ ನಡುಗುತ್ತಿದ್ದರೂ ತಾವೇ ಚಮಚ ಹಿಡಿದು ಊಟ ಮಾಡಬೇಕೆಂದು ಹಟ ಹಿಡಿಯುತ್ತಿದ್ದರಂತೆ. ಬೇಗ ಮುಗಿಯಲಿ ಎಂದು ಇವಳು ಒಮ್ಮೆ ತಾನೇ ತಿನ್ನಿಸಲು ಹೋದಾಗ ಅವರು ಮುಖ ತಿರುಗಿಸಿದರು. ಅಲ್ಲಿಯ ಆರೈಕೆದಾರೆ, ಅವರ ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಊಟದ ಸಮಯವನ್ನು ಹೊಂದಿಸಿಕೊಂಡರೆ ಕೈ ಹೆಚ್ಚು ಹಿಡಿತದಲ್ಲಿರುತ್ತದೆ ಎಂದು ತೋರಿಸಿಕೊಟ್ಟಳು. ಔಷಧಿ, ಮನುಷ್ಯನ ಮರ್ಯಾದೆ, ತಾಳ್ಮೆ ಮೂರೂ ಒಂದೇ ತಟ್ಟೆಯ ಸುತ್ತ ಸೇರಿದ್ದನ್ನು ಕಂಡು ಅವಳಿಗೆ ಈ ವೃತ್ತಿಯ ಮೇಲೆ ಆಸೆ ಹುಟ್ಟಿತ್ತು.

"ನಿನಗೆ ವೈದ್ಯಳಾಗುವ ಆಸೆ ಯಾಕೆ?" ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಹದಿನೇಳರ ಹುಡುಗಿಯಿಂದ ನಾನು ನಿರೀಕ್ಷಿಸುವುದಿಲ್ಲ. ತರಬೇತುದಾರ ಅದನ್ನು ಸಪ್ಪೆ ಎಂದ. ಅದರ ಜಾಗದಲ್ಲಿ, ದಾವಣಗೆರೆಯಲ್ಲಿ ಅಜ್ಜನಿಗೆ ಇವಳ ಕಣ್ಣೆದುರೇ ಹೃದಯಾಘಾತವಾಗಿ, ವೈದ್ಯರು ಬದುಕಿಸಿದರು ಎಂಬ ಕಥೆ ಬರೆದುಕೊಟ್ಟ. ನನ್ನ ತಂದೆಗೆ ಹೃದಯಾಘಾತ ಆಗಿಯೇ ಇಲ್ಲ. ಹುಡುಗಿ ಹಿಂಜರಿದಾಗ "ಎಲ್ಲರೂ ಹೀಗೇ ಹೇಳುತ್ತಾರೆ, ಯಾರೂ ಪರಿಶೀಲಿಸುವುದಿಲ್ಲ" ಎಂದನಂತೆ. ದೊಡ್ಡವರು, ಹಣ ಪಡೆದವರು, ತಿಳಿದವರು ಎಂದು ಅವಳು ನಂಬಿದಳು.

ಪರಿಶೀಲಿಸುವುದಿಲ್ಲ ಎಂಬುದು ನಿಜವಿರಬಹುದು, ಆದರೆ ಪರೀಕ್ಷಕರು ಕೇಳುತ್ತಾರೆ. "ಆಮೇಲೆ ಏನಾಯಿತು? ಆ ವೈದ್ಯರು ನಿಮ್ಮ ಅಜ್ಜಿಗೆ ಹೇಗೆ ವಿಷಯ ತಿಳಿಸಿದರು? ಅವರು ಇನ್ನೂ ಚೆನ್ನಾಗಿ ಮಾಡಬಹುದಿತ್ತು ಎಂದು ನಿನಗೆ ಅನ್ನಿಸಿದ ವಿಷಯ ಯಾವುದು?" ನಿಜವಾಗಿ ಕಂಡವರಿಗೆ ಇವು ಸುಲಭದ ಪ್ರಶ್ನೆಗಳು. ಇವಳಿಗೆ ಗಂಟಲು ಕಟ್ಟಿತು. ಇಷ್ಟಕ್ಕೂ ಸಂಸ್ಥೆ ಕೊಟ್ಟಿದ್ದ ಮಾದರಿ ಉತ್ತರಗಳ ಫೈಲಿನಲ್ಲಿದ್ದ ಉತ್ತರವನ್ನು ಇಡೀ ಕೋಣೆಯ ಸಮಯ ತುಂಬುವಂತೆ ಬರೆದಿದ್ದರು. ಅಂಕಗಳ ಬಹುಪಾಲು ಹುಟ್ಟುವುದೇ ಈ ಮರುಪ್ರಶ್ನೆಗಳಲ್ಲಿ ಎಂಬುದು ಬರೆದವರಿಗೆ ತಿಳಿದಿರಲಿಲ್ಲ, ಇಲ್ಲವೇ ಬೇಕಿರಲಿಲ್ಲ. ಯುಕಾಸ್ ಅರ್ಜಿಯಲ್ಲಾಗಲಿ ಸಂದರ್ಶನದಲ್ಲಾಗಲಿ ಸುಳ್ಳು ಹೇಳಿದ್ದು ಬಯಲಾದರೆ ಕೊಟ್ಟ ಸೀಟನ್ನೂ ಹಿಂತೆಗೆದುಕೊಳ್ಳಬಹುದು. ಆ ಅಪಾಯವೂ ಮಗುವಿನ ತಲೆಯ ಮೇಲೆಯೇ, ಬರೆದುಕೊಟ್ಟವರ ಮೇಲಲ್ಲ.

ಅದೇ ಫೈಲಿನಲ್ಲಿ "ನರ್ಸ್ ಯಾಕಾಗಬಾರದು?" ಎಂಬ ಪ್ರಶ್ನೆಗೆ "ವೈದ್ಯರು ನಿರ್ಧರಿಸುತ್ತಾರೆ, ನರ್ಸ್‌ಗಳು ಪಾಲಿಸುತ್ತಾರೆ" ಎಂಬರ್ಥದ ಉತ್ತರವಿತ್ತು. ಎದುರು ಕುಳಿತ ಪರೀಕ್ಷಕರು ನರ್ಸ್ ಆಗಿರಬಹುದು. ಆಗಿರದಿದ್ದರೂ ಆ ಮಾತು ತಪ್ಪು.

ನೀತಿಯ ಸಂದಿಗ್ಧದ ಪ್ರಶ್ನೆಗಳಿಗೆ ಆದದ್ದು ಇನ್ನೊಂದು ಬಗೆಯ ಹಾನಿ. ಸಂದರ್ಶನದಲ್ಲಿ ಅವಳಿಗೆ ಬಂದ ಪ್ರಶ್ನೆಯನ್ನು ನಾನು ಹೇಳುವುದಿಲ್ಲ. ಅಭ್ಯಾಸಕ್ಕೆಂದು ಎಲ್ಲರೂ ಬಳಸುವ, ಅವರ ಫೈಲಿನಲ್ಲೂ ಇದ್ದ ಒಂದು ಸನ್ನಿವೇಶವನ್ನು ತೆಗೆದುಕೊಳ್ಳೋಣ. ಮೂರ್ಛೆರೋಗ ಇದೆ ಎಂದು ಹೊಸದಾಗಿ ಗೊತ್ತಾದ ವ್ಯಕ್ತಿಯೊಬ್ಬ ಕಾರು ಓಡಿಸುವುದನ್ನು ನಿಲ್ಲಿಸಿಲ್ಲ. ಮನೆ ಮನೆಗೆ ಸಾಮಾನು ತಲುಪಿಸುವುದೇ ಅವನ ಸಂಪಾದನೆ. "ಯಾರಿಗೂ ಹೇಳಬೇಡಿ ಡಾಕ್ಟರ್" ಎನ್ನುತ್ತಾನೆ. ನೀವು ಏನು ಮಾಡುತ್ತೀರಿ?

ಫೈಲಿನ ಉತ್ತರ ನಾಲ್ಕು ತತ್ವಗಳನ್ನು ಒಪ್ಪಿಸುತ್ತಿತ್ತು: ರೋಗಿಯ ಸ್ವಾಯತ್ತತೆ, ಒಳಿತು ಮಾಡುವುದು, ಕೆಡುಕು ಮಾಡದಿರುವುದು, ನ್ಯಾಯ. ಪ್ರತಿಯೊಂದಕ್ಕೂ ಒಂದು ವಿವರಣೆ, ಕೊನೆಗೆ "ಇವೆಲ್ಲವನ್ನೂ ಸಮತೋಲನ ಮಾಡುತ್ತೇನೆ" ಎಂಬ ವಾಕ್ಯ. ಬೇರೆ ಎಲ್ಲಾ ಸನ್ನಿವೇಶಗಳಿಗೂ ಅದೇ ಉತ್ತರ, ರೋಗಿಯ ಹೆಸರಷ್ಟೇ ಬದಲು. ನಾಲ್ಕು ತತ್ವಗಳು ಉಪಯುಕ್ತ, ಅವನ್ನು ಕಲಿಯಲೇಬೇಕು. ಆದರೆ "ಸರಿ, ಈಗ ಆ ಮನುಷ್ಯ ನಿನ್ನೆದುರು ಕುಳಿತಿದ್ದಾನೆ. ಅವನಿಗೆ ಏನು ಹೇಳುತ್ತೀಯ?" ಎಂದು ನಾನು ಕೇಳಿದಾಗ ಹುಡುಗಿ ಸುಮ್ಮನಾದಳು. ಅಷ್ಟೂ ವಾರಗಳ ತರಬೇತಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ನಾನು ಪರೀಕ್ಷಕಿಯಾಗಿ ಕೇಳಬಯಸುವುದು ಕ್ರಮವಾದ, ಮನುಷ್ಯತ್ವವಿರುವ ಹೆಜ್ಜೆಗಳನ್ನು. ಮೊದಲು ಅವನು ಯಾಕೆ ನಿಲ್ಲಿಸಿಲ್ಲ ಎಂದು ಕೇಳಬೇಕು. ಕೆಲಸ ಹೋಗುವ ಭಯವೇ, ರೋಗ ಇದೆ ಎಂಬುದನ್ನೇ ನಂಬಿಲ್ಲವೇ, ಇಲ್ಲವೇ ಯಾರೂ ಸರಿಯಾಗಿ ವಿವರಿಸಿಲ್ಲವೇ? ರೋಗ ಇರುವುದನ್ನೇ ಒಪ್ಪದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೊಡಿಸಬಹುದು, ಅದು ಬರುವವರೆಗೂ ಓಡಿಸಬೇಡ ಎನ್ನಬೇಕು. ಚಾಲನಾ ಪರವಾನಗಿ ಕೊಡುವ ಡಿವಿಎಲ್‌ಎಗೆ ತಿಳಿಸುವ ಕಾನೂನಿನ ಹೊಣೆ ಮೊದಲು ಅವನದೇ, ತಿಳಿಸದಿದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು ಎಂಬುದನ್ನು ಬೆದರಿಕೆಯಾಗದಂತೆ ಹೇಳಬೇಕು. ಮೂರ್ಛೆ ಬಾರದೆ ಒಂದು ವರ್ಷ ಕಳೆದರೆ ಸಾಮಾನ್ಯವಾಗಿ ಮತ್ತೆ ಕಾರು ಓಡಿಸಬಹುದು, ಇದು ಶಾಶ್ವತ ಶಿಕ್ಷೆಯಲ್ಲ ಎಂದು ತಿಳಿಸಬೇಕು. ಅವನು ಒಪ್ಪಿದರೆ ಮನೆಯವರೊಂದಿಗೆ ಮಾತನಾಡಬಹುದು, ಮಾಲೀಕರು ಬೇರೆ ಕೆಲಸ ಕೊಡಬಲ್ಲರೇ ಎಂದು ವಿಚಾರಿಸಲು ನೆರವಾಗಬಹುದು. ಇಷ್ಟಾದರೂ ಓಡಿಸುತ್ತಲೇ ಇದ್ದರೆ, ಹಿರಿಯ ವೈದ್ಯರೊಂದಿಗೆ ಚರ್ಚಿಸಿ, ಅವನಿಗೆ ಮುಂಚಿತವಾಗಿ ತಿಳಿಸಿ, ಬೇಕಾದಷ್ಟೇ ಮಾಹಿತಿಯನ್ನು ಡಿವಿಎಲ್‌ಎಗೆ ಕೊಟ್ಟು, ಕೊಟ್ಟಿದ್ದೇನೆ ಎಂದು ಅವನಿಗೆ ಪತ್ರ ಬರೆದು, ಎಲ್ಲವನ್ನೂ ದಾಖಲಿಸಬೇಕು. ಇಲ್ಲಿಯ ವೈದ್ಯಕೀಯ ಮಂಡಳಿಯಾದ ಜಿಎಂಸಿಯ ಮಾರ್ಗಸೂಚಿಯ ತಿರುಳು ಇದೇ, ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಈ ವಿವರಗಳೆಲ್ಲ ಹದಿನೇಳರ ಮಕ್ಕಳ ಬಾಯಲ್ಲಿ ಬರಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ದಂಡದ ಮೊತ್ತ ಗೊತ್ತಿಲ್ಲದಿದ್ದರೆ ಅಂಕ ಹೋಗುವುದಿಲ್ಲ. ಮಾತನಾಡಿಸುವುದು ಮೊದಲು, ಗೋಪ್ಯತೆಯನ್ನು ಮುರಿಯುವುದು ಕೊನೆಗೆ, ಅದೂ ಅವನಿಗೆ ತಿಳಿಸಿಯೇ ಎಂಬ ಕ್ರಮ ಮನಸ್ಸಿಗೆ ಬಂದರೆ ಸಾಕು. ನಂತರ ಪರೀಕ್ಷಕರು ಸನ್ನಿವೇಶವನ್ನು ತಿರುಗಿಸುತ್ತಾರೆ: ಅವನು ಶಾಲಾ ಮಕ್ಕಳ ಬಸ್ ಓಡಿಸುವವನಾಗಿದ್ದರೆ? ಇವತ್ತು ಹೊರಗೆ ಕಾರು ನಿಲ್ಲಿಸಿ ಬಂದಿದ್ದರೆ? ಆಗ ಉತ್ತರ ಬದಲಾಗಬೇಕು, ಬದಲಾಯಿಸಿದ್ದಕ್ಕೆ ಕಾರಣ ಹೇಳಬೇಕು. ಬಾಯಿಪಾಠ ಮಾಡಿದವರು ಇಲ್ಲಿ ಹಳೆಯ ಉತ್ತರಕ್ಕೇ ಅಂಟಿಕೊಳ್ಳುತ್ತಾರೆ. ಆಚೆ ಬದಿಯಲ್ಲಿ ಕುಳಿತವರಿಗೆ ಅದು ಕೂಡಲೇ ಕಾಣುತ್ತದೆ: ಕಣ್ಣು ಮೇಲಕ್ಕೆ ಹೋಗುತ್ತದೆ, ಧ್ವನಿ ಏಕತಾನವಾಗುತ್ತದೆ, ಮಧ್ಯೆ ತಡೆದರೆ ವಾಕ್ಯ ಮೊದಲಿನಿಂದ ಶುರುವಾಗುತ್ತದೆ.

ಅವಳನ್ನು ಕರೆದಿದ್ದ ಯಾವ ಕಾಲೇಜೂ ಸೀಟ್ ಕೊಡಲಿಲ್ಲ. ಒಂದು ಕಾಲೇಜು ಕೋಣೆವಾರು ಅಂಕ ಕಳಿಸಿತ್ತು. ರೋಗಿಯ ಪಾತ್ರ ಮಾಡಿದ ನಟಿಯೊಂದಿಗೆ ಮಾತನಾಡುವ ಕೋಣೆಯಲ್ಲಿ, ಫೈಲಿನಲ್ಲಿ ಉತ್ತರವೇ ಇಲ್ಲದ ಆ ಒಂದೇ ಕಡೆ, ಅವಳಿಗೆ ಅತಿ ಹೆಚ್ಚು ಅಂಕ ಬಂದಿತ್ತು. ಪ್ರೇರಣೆ ಮತ್ತು ನೀತಿಯ ಕೋಣೆಗಳಲ್ಲಿ ಅತಿ ಕಡಿಮೆ. ಅಂದರೆ ಹಣ ಕೊಟ್ಟು ತಿದ್ದಿಸಿಕೊಂಡ ಕಡೆಯಲ್ಲೇ ಬಿದ್ದಳು.

ಈಗ ಮರಳಿ ಅರ್ಜಿ ಹಾಕುತ್ತಿದ್ದಾಳೆ, ಫೈಲ್ ರದ್ದಿಗೆ ಹೋಗಿದೆ. ಕೇರ್ ಹೋಮಿನಿಂದ ಬಂದ ದಿನವೇ ಒಂದು ಪುಸ್ತಕದಲ್ಲಿ ಕಂಡದ್ದು, ಅನ್ನಿಸಿದ್ದು, ಗೊತ್ತಾಗದೆ ಉಳಿದದ್ದು ಇವಿಷ್ಟನ್ನು ಬರೆಯುತ್ತಾಳೆ, ಉತ್ತರವನ್ನಲ್ಲ. ಸಂಜೆ ಭಾವ ಗಡಿಯಾರ ಹಿಡಿದು ಕುಳಿತು ಪ್ರತಿ ಮಾತಿಗೂ "ಆಮೇಲೆ?" "ಯಾಕೆ?" ಎನ್ನುತ್ತಾರೆ. ಅವರಿಗೆ ವೈದ್ಯಕೀಯ ಗೊತ್ತಿಲ್ಲದಿರುವುದು ಇದಕ್ಕೆ ಒಂದಿಷ್ಟೂ ಅಡ್ಡಿಯಾಗಿಲ್ಲ. ಸಂದರ್ಶನಕ್ಕೆ ತಯಾರಾಗುವುದು ಹೇಗೆ ಎಂಬ ಬಗ್ಗೆ ಬ್ರಿಟನ್ನಿನ ಮೆಡಿಕಲ್ ಸ್ಕೂಲ್ಸ್ ಕೌನ್ಸಿಲ್ ಪ್ರಕಟಿಸಿರುವ ಮಾಹಿತಿಯೂ ಉಚಿತ.

ತರಬೇತಿ ಬೇಕೇ ಬೇಕು ಎನ್ನುವವರು ಹಣ ಕೊಡುವ ಮೊದಲು ಒಂದು ಅಭ್ಯಾಸ ಸಂದರ್ಶನವನ್ನು ಪೋಷಕರೂ ಕುಳಿತು ನೋಡಲು ಕೇಳಿ. ಮಗು ಹೇಳಿದ್ದನ್ನು ಹಿಡಿದು ಮರುಪ್ರಶ್ನೆ ಕೇಳುವವರಾದರೆ ಯೋಚಿಸಬಹುದು. ಮಾದರಿ ಉತ್ತರ ಕೈಗಿಟ್ಟರೆ ಎದ್ದು ಬನ್ನಿ. ಈಗಾಗಲೇ ಹಣ ಕಟ್ಟಿದ್ದೀರಾದರೆ ದಿನಾಂಕ ನೋಡಿ. ಫೋನಿನಲ್ಲಿ ಅಥವಾ ಅಂತರ್ಜಾಲದಲ್ಲಿ ಮಾಡಿಕೊಂಡ ಇಂಥ ಸೇವೆಯ ಒಪ್ಪಂದವನ್ನು ಇಲ್ಲಿಯ ಗ್ರಾಹಕ ನಿಯಮದ ಪ್ರಕಾರ ಸಾಮಾನ್ಯವಾಗಿ 14 ದಿನದೊಳಗೆ ರದ್ದು ಮಾಡಬಹುದು. ನಿಮ್ಮ ಕೋರಿಕೆಯ ಮೇರೆಗೆ ಪಾಠ ಶುರುವಾಗಿದ್ದರೆ ಅಷ್ಟರವರೆಗೆ ಆದ ಪಾಠದ ಹಣ ಮಾತ್ರ ಕಳೆಯುತ್ತದೆ. ಅಕ್ಕನಿಗೆ ಈ ವಿಷಯ ತಿಳಿಯುವ ಹೊತ್ತಿಗೆ ಗಡುವು ದಾಟಿತ್ತು. ರದ್ದತಿಯನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ಇಮೇಲ್‌ನಲ್ಲಿ ಬರೆದು ಕಳಿಸಿ.